ಸಹಾಯ ಬೇಕು: ಚೈನೀಸ್ ಅಕ್ಷರದ ಟ್ರೆಡ್‌ಮಿಲ್, ವೇಗ ಮೈಲಿಯಲ್ಲಿದೆ

ಎಲ್ಲರಿಗೂ ನಮಸ್ಕಾರ. ಬನಶಂಕರಿಯಲ್ಲಿ ನಮ್ಮ ಅಪಾರ್ಟ್‌ಮೆಂಟ್ ಜಿಮ್‌ಗೆ ಯಾರೋ ಹಳೇ ಟ್ರೆಡ್‌ಮಿಲ್ ಕೊಟ್ಟಿದ್ದಾರೆ, ಬಟನ್‌ಗಳೆಲ್ಲ ಚೈನೀಸ್‌ನಲ್ಲಿವೆ. ಫೋನ್ ಕ್ಯಾಮೆರಾದಲ್ಲಿ ಅನುವಾದ ಮಾಡಿ ನೋಡಿದೆ: 速度 ಅಂದ್ರೆ ವೇಗ, 坡度 ಅಂದ್ರೆ ಏರು, 程序 ಅಂದ್ರೆ ಪ್ರೋಗ್ರಾಂ. ಆದ್ರೆ ಅಂಕಿಯ ಪಕ್ಕ ಕಿಲೋಮೀಟರೋ ಮೈಲಿಯೋ ಅಂತ ಎಲ್ಲೂ ಇಲ್ಲ.

ಅಪ್ಪನಿಗೆ ಡಾಕ್ಟರ್ ಗಂಟೆಗೆ 5 ಕಿಲೋಮೀಟರ್ ನಡೀರಿ, ಏರು ಬೇಡ ಅಂದಿದ್ದಾರೆ. 5 ಅಂತ ಇಟ್ಟರೆ ಪಾಪ, ಓಡಬೇಕಾಯ್ತು, ಕಂಬಿ ಹಿಡಿದುಕೊಂಡೇ ಬಿಟ್ಟರು. ನಂಗೆ ಗಾಬರಿ ಆಯ್ತು.

ಆಮೇಲೆ ಬೆಲ್ಟ್ ಮೇಲೆ ಬಿಳಿ ಟೇಪ್ ಅಂಟಿಸಿ, ಯಾರೂ ಹತ್ತದೆ 3ರಲ್ಲಿ ಓಡಿಸಿ ಸುತ್ತು ಎಣಿಸಿದೆ. ಬೆಲ್ಟ್‌ನ ಪೂರ್ತಿ ಸುತ್ತಳತೆ 3 ಮೀಟರ್. ಕಿಲೋಮೀಟರ್ ಆಗಿದ್ದರೆ ನಿಮಿಷಕ್ಕೆ 50 ಮೀಟರ್, ಅಂದ್ರೆ ಸುಮಾರು 17 ಸುತ್ತು ಬರಬೇಕಿತ್ತು. ಬಂದಿದ್ದು 27! ಅಂದ್ರೆ ಇದು ಮೈಲಿನೇ ಅಲ್ವಾ? ಹಾಗಾಗಿ 5 ಅಂದ್ರೆ 8 ಕಿಲೋಮೀಟರ್. ಸದ್ಯಕ್ಕೆ ಅಪ್ಪನಿಗೆ 3.1 ಇಡ್ತಿದ್ದೀನಿ.

ಇಂಥ ಮೆಷಿನ್ ಬಳಸಿದವರು ಹೇಳಿ, ಇದನ್ನ ಕಿಲೋಮೀಟರ್‌ಗೆ ಬದಲಾಯಿಸೋ ಸೆಟ್ಟಿಂಗ್ ಎಲ್ಲಿರುತ್ತೆ? ಇನ್ನೊಂದು, P1ರಿಂದ P12ರವರೆಗೆ ಪ್ರೋಗ್ರಾಂ ಇವೆ. P3 ಒತ್ತಿದರೆ ಎರಡು ನಿಮಿಷಕ್ಕೆ ತಾನಾಗೇ ಏರು 4ಕ್ಕೆ ಹೋಗುತ್ತೆ. ಏರು ಸೊನ್ನೆಯಲ್ಲೇ ಇರೋ ಪ್ರೋಗ್ರಾಂ ಯಾವುದು, ಅಥವಾ ಸುಮ್ನೆ ಪ್ರೋಗ್ರಾಂ ಇಲ್ಲದೆ ನಡೆಸೋದೇ ಒಳ್ಳೇದಾ? ಬಟನ್‌ಗಳ ಫೋಟೋ ಕಾಮೆಂಟ್‌ನಲ್ಲಿ ಹಾಕ್ತೀನಿ.