ಲಗ್ನೇಶ ‘ವ್ಯಯದಲ್ಲಿ’ ಅಂದರೆ? ಪತ್ರಿಕೆಯ ‘ದಿಶಾ’ಗೆ ಕನ್ನಡ ಏನು?

ಡೊಂಬಿವಲಿಯಿಂದ:
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನಿಗೆ ಹೆಣ್ಣು ನೋಡುತ್ತಿದ್ದೇವೆ. ಜಾತಕ ಬರೆಸಿದ್ದು ಇಲ್ಲೇ, ಮರಾಠಿ ಗುರೂಜಿ ಹತ್ತಿರ. ಕೆಳಗೆ ಒಂದು ಸಾಲು ಬರೆದುಕೊಟ್ಟಿದ್ದಾರೆ: ‘ಲಗ್ನೇಶ ಬುಧ ವ್ಯಯಸ್ಥಾನಾತ್, ಸಿಂಹ ರಾಶೀತ್. ಹ್ಯಾವರೂನ್ ಪತ್ರಿಕೇಚೀ ದಿಶಾ ಕಳತೇ.’ ಅಂದರೆ ಲಗ್ನೇಶ ಬುಧ ವ್ಯಯಸ್ಥಾನದಲ್ಲಿ, ಸಿಂಹ ರಾಶಿಯಲ್ಲಿ; ಇದರಿಂದ ಪತ್ರಿಕೆಯ ‘ದಿಶಾ’ ತಿಳಿಯುತ್ತೆ ಅಂತ. ಇದನ್ನು ಗದಗಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಓದಿದೆ. ‘ಲಗ್ನಕ್ಕ ಖರ್ಚು ಜಾಸ್ತಿ ಅಂತೇನು?’ ಅಂದರು. ನಮ್ಮ ಕಡೆ ಲಗ್ನ ಅಂದರೆ ಮದುವೇನೇ ಅಲ್ವಾ, ಪತ್ರಿಕೆ ಅಂದರೆ ಲಗ್ನಪತ್ರಿಕೆ! ಇನ್ನೊಂದು ಗೊಂದಲ. ಬುಧ ಇರೋ ಮನೆಯಲ್ಲಿ 5 ಅಂತ ಬರೆದಿದೆ. ಹಾಗಾದರೆ ಅದು ಐದನೇ ಮನೆ ತಾನೆ? ವ್ಯಯ ಅಂದರೆ ಹನ್ನೆರಡು. ಯಾವುದು ಸರಿ?

ಮಡಗಾಂವಿನಿಂದ:
ಲಗ್ನೇಶ, ಲಗ್ನಾಧಿಪತಿ ಎರಡೂ ಒಂದೇ. ಇಲ್ಲಿ ಮದುವೆ ಮಾತೇ ಇಲ್ಲ, ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಏಳುತ್ತಿದ್ದ ರಾಶಿಯ ಒಡೆಯ ಅಷ್ಟೇ. ಆದರೆ 5 ಅಂತಿದ್ದ ಮೇಲೆ ಪಂಚಮವೇ. ಬುದ್ಧಿ, ಮಕ್ಕಳು, ವಿದ್ಯೆ. ಗುರೂಜಿ ಕೈತಪ್ಪಿ ಬರೆದಿರಬೇಕು. ಧೈರ್ಯವಾಗಿ ಹೆಣ್ಣಿನವರಿಗೆ ಕೊಡಿ.

ಪಿಂಪ್ರಿಯಿಂದ:
ದಿಶಾ ಅಂದರೆ ದಿಕ್ಕು. ಬುಧನ ದಿಕ್ಕು ಉತ್ತರ. ನಮ್ಮ ಯಜಮಾನರದೂ ಬುಧನ ಜಾತಕವೇ. ಮೇಜನ್ನು ಉತ್ತರಕ್ಕೆ ತಿರುಗಿಸಿ ಹಾಕಿದೆವು. ಪ್ರಮೋಷನ್ ಇನ್ನೂ ಬಂದಿಲ್ಲ, ಕಿಟಕಿ ಬೆಳಕು ಮಾತ್ರ ಹೋಯಿತು.

ಮಾಟುಂಗದಿಂದ:
ಮಡಗಾಂವಿನವರೇ, ಅಷ್ಟು ಬೇಗ ಗುರೂಜಿಯನ್ನು ತಪ್ಪು ಮಾಡಬೇಡಿ. ಊರಿನ ಚೌಕದ ಕುಂಡಲಿಯಲ್ಲಿ ರಾಶಿಗಳ ಜಾಗ ಕದಲೋದಿಲ್ಲ. ಕನ್ಯಾ ಯಾವತ್ತೂ ಕೆಳಗೆ ಬಲಮೂಲೆ, ಅದರ ಮೇಲಿನ ಮನೆ ಸಿಂಹ. ಲಗ್ನ ಎಲ್ಲಿ ಅಂತ ‘ಲ’ ಹಾಕಿ ತೋರಿಸುತ್ತಾರೆ. ಇಲ್ಲಿಯವರ ಓರೆಗೆರೆ ಕುಂಡಲಿಯಲ್ಲಿ ತಿರುಗಾಮುರುಗಾ. ಮೇಲೆ ನಡುವಿನ ಮನೆಯೇ ಯಾವತ್ತೂ ಲಗ್ನ, ಒಳಗೆ ಬರೆದ ಅಂಕಿ ರಾಶಿಯದು. 5 ಅಂದರೆ ಮೇಷದಿಂದ ಐದನೆಯ ರಾಶಿ, ಸಿಂಹ. ಎಷ್ಟನೇ ಮನೆ ಅಂತ ಲಗ್ನದಿಂದ ಎಡಕ್ಕೆ ಇಳಿಯುತ್ತಾ ನೀವೇ ಎಣಿಸಬೇಕು. ಮೇಲಿನ ನಡುಮನೆಯಲ್ಲಿ 6 ಇದೆಯಾ ನೋಡಿ. ಇದ್ದರೆ ಕನ್ಯಾ ಲಗ್ನ, ಒಡೆಯ ಬುಧ. ಅದರ ಪಕ್ಕ ಬಲಕ್ಕಿರೋ 5ರ ಮನೆ ಹನ್ನೆರಡನೆಯದು.

ನಂಬಿಕೆ ಬಾರದಿದ್ದರೆ ರವಿ ಎಲ್ಲಿದ್ದಾನೆ, ಹುಡುಗ ಹುಟ್ಟಿದ್ದು ಎಷ್ಟು ಹೊತ್ತಿಗೆ, ಹೇಳಿ. ಬುಧ ರವಿಯನ್ನು ಬಿಟ್ಟು 28 ಡಿಗ್ರಿಗಿಂತ ದೂರ ಹೋಗೋದಿಲ್ಲ, ಹತ್ತಿರದಲ್ಲೇ ಇರ್ತಾನೆ.

ಡೊಂಬಿವಲಿಯಿಂದ:
ಹೌದು ಸರ್, ನಡುಮನೆಯಲ್ಲಿ 6 ಇದೆ. ರವಿಯೂ ಅದೇ 5ರಲ್ಲಿ, 8 ಡಿಗ್ರಿ. ಬುಧ 24. ಹುಟ್ಟಿದ್ದು ಆಗಸ್ಟ್ ಕೊನೆ ವಾರ, ಬೆಳಗ್ಗೆ ಎಂಟೂವರೆ.

ಮಾಟುಂಗದಿಂದ:
ಹಾಗಾದರೆ ಮುಗೀತು. ಸೂರ್ಯ ಹುಟ್ಟುವಾಗ ರವಿ ಲಗ್ನದಲ್ಲೇ ಇರ್ತಾನೆ. ಒಂದೆರಡು ಗಂಟೆ ಕಳೆದರೆ ಹನ್ನೆರಡಕ್ಕೆ ಏರ್ತಾನೆ. ಪಂಚಮದಲ್ಲಿ ರವಿ ಇದ್ದರೆ ಮಗು ರಾತ್ರಿ ಹತ್ತು, ಹನ್ನೊಂದರ ಸುಮಾರಿಗೆ ಹುಟ್ಟಬೇಕಿತ್ತು. ಗುರೂಜಿ ಬರೆದದ್ದು ಸರಿ.

ಇನ್ನು ಅರ್ಥ. ಲಗ್ನೇಶ ಅಂದರೆ ಜಾತಕದವನೇ ಅಂತ ಇಟ್ಟುಕೊಳ್ಳಿ. ಅವನು ಕೂತ ಮನೆಯ ಕಡೆಗೆ ಬದುಕು ವಾಲುತ್ತೆ ಅಂತ ಶಾಸ್ತ್ರ. ಹನ್ನೆರಡು ಅಂದರೆ ಬರೀ ಖರ್ಚಲ್ಲ. ಪರಸ್ಥಳ, ಆಸ್ಪತ್ರೆ, ಆಶ್ರಮ, ಹಾಸಿಗೆ, ಎಲ್ಲವೂ ಅದೇ. ಕನ್ಯಾ ಲಗ್ನಕ್ಕೆ ಬುಧ ಹತ್ತನೇ ಮನೆಗೂ ಒಡೆಯ. ಹಾಗಾಗಿ ಕೆಲಸವೂ ಅವನ ಜೊತೆ ಹೊರಗೆ ಹೋಗುತ್ತೆ. ಇಷ್ಟು ಮನೆ ಹೇಳಿದ್ದು. ರಾಶಿ ಹೇಳೋದು ಬೇರೆ: ಸಿಂಹ ಬುಧನಿಗೆ ಮಿತ್ರನ ಮನೆ, ಆ ಮಿತ್ರ ರವಿಯೂ ಸ್ವಂತ ಮನೆಯಲ್ಲೇ ಗಟ್ಟಿಯಾಗಿದ್ದಾನೆ. ಪರರ ಊರಲ್ಲಿ ಸ್ವಂತ ಮನೆ ಇರೋ ಗೆಳೆಯ ಸಿಕ್ಕ ಹಾಗೆ. ರವಿಗೂ ಬುಧನಿಗೂ 16 ಡಿಗ್ರಿ ಅಂತರ, 14ರೊಳಗಿದ್ದರೆ ಅಸ್ತ, ಅಂದರೆ ರವಿಯ ಬೆಳಕಲ್ಲಿ ಮುಚ್ಚಿಹೋದ, ಅನ್ನುತ್ತಿದ್ದರು. ಆದರೆ ಆ ಬೆಳಗ್ಗೆ ಸುಮಾರು ಎರಡು ಗಂಟೆ ಕಾಲ ಈ ಊರಲ್ಲಿ ಹುಟ್ಟಿದ ಎಲ್ಲರಿಗೂ ಲಗ್ನೇಶ ಇಲ್ಲೇ. ಇದರ ಮೇಲೆ ಜಾಸ್ತಿ ಭಾರ ಹಾಕಬೇಡಿ.

‘ದಿಶಾ’ಗೆ ನಾನು ‘ಒಲವು’ ಅಂತೀನಿ. ‘ಜಾತಕದ ಒಲವು ಹೊರಗಿನ ಕಡೆಗೆ.’

ಮಡಗಾಂವಿನಿಂದ:
ಅಂಕಿ ವಿಷಯ ಒಪ್ಪಿದೆ. ಒಲವು ಅಂದರೆ ಪ್ರೀತಿ ಅಂತಾಗುತ್ತೆ, ಹೆಣ್ಣಿನವರು ಗಾಬರಿಯಾಗ್ತಾರೆ. ‘ನಡೆ’ ಇರಲಿ.

ಮಾಟುಂಗದಿಂದ:
ಗ್ರಹಕ್ಕೂ ನಡೆ ಇದೆಯಲ್ಲ, ವಕ್ರ ನಡೆ ಅಂತೀವಿ. ಎರಡೂ ಕಲಸಿಹೋಗುತ್ತೆ.

ಡೊಂಬಿವಲಿಯಿಂದ:
ಅಮ್ಮನಿಗೆ ಎರಡೂ ಹೇಳಿ ನೋಡಿದೆ. ‘ಅಂದ್ರ ಮನಿ ಬಿಟ್ಟು ದುಡಿಯೋ ಹುಡುಗ ಅನ್ನು, ಅದಕ್ಯಾಕ ಇಷ್ಟು ಮಾತು?’ ಅಂದರು. ಆದರೆ ಹುಡುಗ ಹುಟ್ಟಿದ ಬಿಲ್ಡಿಂಗಿನಲ್ಲೇ ಇದ್ದಾನೆ, ಕೆಲಸ ಠಾಣೆಯಲ್ಲಿ. ದಿನಾ 8:12ರ ಲೋಕಲ್ ಹಿಡೀತಾನೆ. ಇದನ್ನು ಪರಸ್ಥಳ ಅನ್ನಬಹುದಾ ಸರ್?