ಡೀಸೆಲ್ ಶೇ 12 ಏರಿದರೆ ಕೊರಿಯರ್ ದರ ಎಷ್ಟು ಏರಿಸಬೇಕು?

ಕೊರಿಯರ್ ಮಾಲೀಕ: ಮೇಡಂ, ಡೀಸೆಲ್ ಶೇ 12 ಏರಿದೆ. ತಿಂಗಳ ಬಿಲ್‌ನ ಗ್ರಾಹಕರಿಗೆ ನೋಟಿಸ್ ಕಳಿಸಬೇಕು. ಆದಾಯ 100 ಅಂದ್ರೆ ಇಂಧನಕ್ಕೆ 25 ಹೋಗುತ್ತದೆ. ಎಷ್ಟು ಏರಿಸಲಿ?

ಗುಂಪಿನ ಸದಸ್ಯ: ಗ್ರೂಪಲ್ಲಿ ಬಂದ ರೆಡಿ ನೋಟಿಸ್ ಇದೆ, ಹೆಸರು ಬದಲಿಸಿ ಸಾಕು: "ಇಂಧನ ಶೇ 12 ಏರಿದ್ದರಿಂದ ನಮ್ಮ ದರವೂ ಶೇ 12 ಏರಿದೆ."

ದರ ಲೆಕ್ಕದ ಮೇಡಂ: ದಯವಿಟ್ಟು ಆ ಫಾರ್ವರ್ಡ್ ಬಳಸಬೇಡಿ. ಇಂಧನ ಏರಿದರೆ ಸಂಬಳ, ಗೋದಾಮಿನ ಬಾಡಿಗೆ ಏರುವುದಿಲ್ಲ, ಅಲ್ವಾ? 25ಕ್ಕೆ ಶೇ 12 ಅಂದ್ರೆ 3 ಮಾತ್ರ. ಆದರೆ ಆ 25 ನನಗೆ ಅನುಮಾನ. ದೂರದ ಪಾರ್ಸೆಲ್‌ಗಳನ್ನು ದೊಡ್ಡ ಕೊರಿಯರ್‌ಗೆ ಕೊಡ್ತೀರಾ? ಅವರ ಬಿಲ್‌ನಲ್ಲಿರುವ ಇಂಧನ ಸರ್ಚಾರ್ಜ್ ಇದರಲ್ಲಿ ಸೇರಿದೆಯಾ?

ಕೊರಿಯರ್ ಮಾಲೀಕ: ಹೌದು, 11 ಅದೇ. ಪಂಪ್ ಬಿಲ್ 14.

ದರ ಲೆಕ್ಕದ ಮೇಡಂ: ಎಡವುವುದು ಇಲ್ಲೇ. ಆ 11 ನಿಮ್ಮ ಟ್ಯಾಂಕಿಗೆ ಹೋದದ್ದಲ್ಲ. ಪಂಪಿನ ದರ ಏರಿದಷ್ಟೇ ಅವರ ಸರ್ಚಾರ್ಜೂ ಏರುತ್ತದೆ ಅಂತಿಲ್ಲ, ಅವರದ್ದು ಬೇರೆ ಪಟ್ಟಿ. ಅದನ್ನು ಎಲ್ಲರ ಮೇಲೆ ಹಂಚಿದರೆ ಊರೊಳಗೇ ಕಳಿಸುವ ಗ್ರಾಹಕ ಸುಮ್ನೆ ದೂರದ ಪಾರ್ಸೆಲ್‌ಗೆ ದುಡ್ಡು ಕೊಟ್ಟ ಹಾಗೆ. ಮುಂದಿನ ತಿಂಗಳು ಅವರು ಸರ್ಚಾರ್ಜ್ ಏರಿಸಿದಾಗ ನೀವು ಮತ್ತೆ ಸೇರಿಸಿದರೆ ಎರಡು ಸಲ ವಸೂಲಿ.

ನಿಮ್ಮ ಸ್ವಂತ ಇಂಧನ 14. ಅದಕ್ಕೆ ಶೇ 12 ಅಂದ್ರೆ 1.68, ಅಂದರೆ ಶೇ 1.7. ಅವರ ಸರ್ಚಾರ್ಜ್ ಏರಿದಷ್ಟನ್ನು ದೂರದ ಪಾರ್ಸೆಲ್ ಬಿಲ್‌ನಲ್ಲಿ ಬೇರೆ ಸಾಲಾಗಿ ತೋರಿಸಿ. ಖಾಲಿ ಗಾಡಿ ವಾಪಸ್ ಬರುವ ಖರ್ಚು ಆ 14ರಲ್ಲೇ ಇದೆ, ಮತ್ತೆ ಸೇರಿಸಬೇಡಿ. ನೋಟಿಸ್‌ನಲ್ಲಿ ಯಾವ ದಿನದ ಡೀಸೆಲ್ ದರ ಆಧಾರ, ಯಾವ ತಾರೀಖಿನ ಬುಕಿಂಗ್‌ನಿಂದ ಹೊಸ ದರ ಅಂತ ಇರಲಿ. ಡೀಸೆಲ್ ಇಳಿದರೆ ಇದೇ ಲೆಕ್ಕದಲ್ಲಿ ಇಳಿಸುತ್ತೇವೆ ಅಂತಲೂ ಬರೆಯಿರಿ.

ಬಟ್ಟೆ ವ್ಯಾಪಾರಿ: ಇಳಿಸ್ತಾರಂತೆ! ಇಷ್ಟು ವರ್ಷದಲ್ಲಿ ಒಬ್ಬರೂ ಇಳಿಸಿದ್ದು ನೋಡಿಲ್ಲ.

ಕೊರಿಯರ್ ಮಾಲೀಕ: ಮೂರು ತಿಂಗಳ ಬಾಕಿ ಇಟ್ಕೊಂಡು ಮಾತಾಡ್ತೀರಲ್ಲ ಸ್ವಾಮಿ.

ಬಟ್ಟೆ ವ್ಯಾಪಾರಿ: ನನ್ನ ಬಾಕಿಗೂ ನಿಮ್ಮ ಡೀಸೆಲ್‌ಗೂ ಏನು ಸಂಬಂಧ? ಮೇಡಂ, ನನಗೆ ಇನ್ನೊಂದು ಕೊರಿಯರ್‌ನಿಂದ ಬಂದ ನೋಟಿಸ್‌ನಲ್ಲಿ ಶೇ 3, ಜೊತೆಗೆ "ಗಾತ್ರದ ತೂಕದ ಭಾಜಕ 5000ರ ಬದಲು 4000" ಅಂತ ಸಣ್ಣ ಅಕ್ಷರದಲ್ಲಿದೆ. ಅದೇನು?

ದರ ಲೆಕ್ಕದ ಮೇಡಂ: ಅಯ್ಯೋ, ದೊಡ್ಡ ಏರಿಕೆ ಅದೇ. 40, 30, 30 ಸೆಂ.ಮೀ. ಡಬ್ಬಿಯ ಗಾತ್ರ 36,000 ಘನ ಸೆಂ.ಮೀ. ಅದನ್ನು ಭಾಜಕದಿಂದ ಭಾಗಿಸಿ ಬಂದದ್ದೇ ಗಾತ್ರದ ತೂಕ. 5000ರಿಂದ ಭಾಗಿಸಿ ಹಿಂದೆ 7.2 ಕಿಲೋ ಲೆಕ್ಕ, ಈಗ 4000ರಿಂದ ಭಾಗಿಸಿ 9. ಡಬ್ಬಿಯ ನಿಜವಾದ ತೂಕ 7.2 ಕಿಲೋಗಿಂತ ಕಡಿಮೆ ಇದ್ದರೆ ಶೇ 25 ಜಾಸ್ತಿ. ಇದಕ್ಕೂ ಡೀಸೆಲ್‌ಗೂ ಸಂಬಂಧ ಇಲ್ಲ. ಯಾಕೆ ಅಂತ ಅವರನ್ನು ಕೇಳಿ.

ಗುಂಪಿನ ಸದಸ್ಯ: ಹಾಗಾದ್ರೆ ಶೇ 12 ಹಾಕಬಹುದಾ ಇಲ್ವಾ?

ದರ ಲೆಕ್ಕದ ಮೇಡಂ: ಮೇಲೆ ಓದಿ.

ಔಷಧಿ ವಿತರಕ: ನಮ್ಮದು ಒಂದು ವರ್ಷದ ನಿಗದಿತ ದರದ ಒಪ್ಪಂದ. ನಮಗೂ ಈ ನೋಟಿಸ್ ಅನ್ವಯಿಸುತ್ತಾ?

ಬಟ್ಟೆ ವ್ಯಾಪಾರಿ: ಅವರನ್ನೇ ಕೇಳಿ, ಬಾಕಿ ಎಷ್ಟು ಅಂತ ಹೇಳ್ತಾರೆ.

ಕೊರಿಯರ್ ಮಾಲೀಕ: ಗ್ರೂಪ್‌ನಲ್ಲಿ ಬೇಡ, ಫೋನ್ ಎತ್ತಿ.