ಸಹಾಯ ಬೇಕು: ಎಥನಾಲ್‌ನ ಆವೀಕರಣ ಎಂಟ್ರೊಪಿ ನೀರಿನಷ್ಟೇ ಏಕೆ?

ಆವೀಕರಣದ ಎಂಥಾಲ್ಪಿಯನ್ನು, ಅಂದರೆ ಒಂದು ಮೋಲ್ ದ್ರವವನ್ನು ಆವಿಯಾಗಿಸಲು ಬೇಕಾದ ಶಾಖವನ್ನು, ಕೆಲ್ವಿನ್‌ನಲ್ಲಿರುವ ಕುದಿಬಿಂದುವಿನಿಂದ ಭಾಗಿಸಿದರೆ ಆವೀಕರಣ ಎಂಟ್ರೊಪಿ ಸಿಗುತ್ತದೆ: ಬೆಂಜೀನ್‌ಗೆ 30,700 ÷ 353, ಅಂದರೆ ಮೋಲ್-ಕೆಲ್ವಿನ್‌ಗೆ ಸುಮಾರು 87 ಜೂಲ್. ಹೆಕ್ಸೇನ್‌ಗೂ 85ರ ಆಸುಪಾಸು. ಸಾಮಾನ್ಯ ದ್ರವಗಳಿಗೆ ಈ ಬೆಲೆ ಹೆಚ್ಚುಕಡಿಮೆ ಒಂದೇ ಎನ್ನುವುದೇ ಟ್ರೌಟನ್ ನಿಯಮ. ಇಲ್ಲಿಯವರೆಗೆ ಗೊಂದಲವಿಲ್ಲ: ಸಾಮಾನ್ಯ ದ್ರವಗಳಲ್ಲಿ ಅಣುಗಳ ಅಸ್ತವ್ಯಸ್ತತೆ ಹೆಚ್ಚುಕಡಿಮೆ ಒಂದೇ ಮಟ್ಟದ್ದು, ಒಂದೇ ಒತ್ತಡದಲ್ಲಿ ಆವಿಯಾದಾಗ ಅವುಗಳಿಗೆ ಸಿಗುವ ಹೆಚ್ಚುವರಿ ಜಾಗವೂ ಹಾಗೆಯೇ.

ನೀರಿಗೆ 40,700 ÷ 373 = 109. ಹೈಡ್ರೋಜನ್ ಬಂಧಗಳು ದ್ರವವನ್ನೇ ಕ್ರಮಬದ್ಧವಾಗಿಸುವುದರಿಂದ ಆವಿಯಾದಾಗ ಎಂಟ್ರೊಪಿಯ ಏರಿಕೆ ದೊಡ್ಡದು.

ಆದರೆ ಎಥನಾಲ್‌ಗೂ 38,600 ÷ 351 = 110! ನೀರಿನ ಅಣು ನಾಲ್ಕು ಬಂಧಗಳವರೆಗೆ ಹಿಡಿಯುತ್ತದೆ, ಎಥನಾಲ್ ಸಾಮಾನ್ಯವಾಗಿ ಎರಡು. ಹಾಗಿದ್ದರೆ ಎಥನಾಲ್‌ನದು ಕಡಿಮೆ ಇರಬೇಕಿತ್ತಲ್ಲವೇ? ನೀರಿನ ಪುಟ್ಟ ಅಣುವಿಗೆ ತಿರುಗುವಿಕೆಯ ಜಡತ್ವ ಕಡಿಮೆ, ಆದ್ದರಿಂದ ಆವಿಯಲ್ಲೂ ಅದರ ತಿರುಗುವಿಕೆಯ ಎಂಟ್ರೊಪಿ ಚಿಕ್ಕದು, ಎಥನಾಲ್‌ನದು ದೊಡ್ಡದು. ಎರಡು ಪರಿಣಾಮಗಳೂ ಸರಿತೂಗುತ್ತಿವೆಯೇ? ಲೆಕ್ಕ ಹಾಕಿ ನೋಡಿದವರು ದಯವಿಟ್ಟು ತಿಳಿಸಿ.